ಮೂವತ್ತೆರಡು ಹಾಳೆಗಳ ಲೆಕ್ಕ

ತರಗತಿಯಲ್ಲಿ ಹಂಚಿದ ಪ್ರಶ್ನಾವಳಿ ತುಂಬಿ ವಾಪಸು ಬಂದ ಸಂಜೆ ಶಿಕ್ಷಕಿಯ ಮೇಜಿನ ಮೇಲಿರುವುದು ಒಂದು ಕಟ್ಟು ಕಾಗದ, ಅಷ್ಟೆ. ಕೆಲವು ಹಾಳೆಗಳ ಮೂಲೆ ಮಡಚಿರುತ್ತದೆ. ಒಬ್ಬ ಹುಡುಗ ಒಂದು ಕಡೆ ಗುರುತು ಹಾಕಿ, ರಬ್ಬರಿನಿಂದ ಉಜ್ಜಿ, ಇನ್ನೊಂದು ಕಡೆ ಹಾಕಿರುತ್ತಾನೆ. ಒಬ್ಬ ಹುಡುಗಿ ಕೊನೆಯ ಪ್ರಶ್ನೆಯನ್ನು ಹಾಗೇ ಬಿಟ್ಟಿರುತ್ತಾಳೆ. ಈ ಕಟ್ಟು ಕೊನೆಗೆ ವರದಿಯಲ್ಲಿ ಒಂದು ಕೋಷ್ಟಕ, ಒಂದು ಸ್ತಂಭಾಲೇಖ ಮತ್ತು ನಾಲ್ಕೈದು ವಾಕ್ಯಗಳಾಗಿ ನಿಲ್ಲಬೇಕು. ನಡುವೆ ನಡೆಯುವ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಆದರೆ ವರದಿ ನಂಬಿಕೆಗೆ ಅರ್ಹವೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಅಲ್ಲಿಯೇ.

ಈ ವರದಿ ಕ್ರಿಯಾ ಸಂಶೋಧನೆಯದು. ಕ್ರಿಯಾ ಸಂಶೋಧನೆ ಎಂದರೆ ಕೆಲಸ ಮಾಡುವವರೇ ತಮ್ಮ ಕೆಲಸದಲ್ಲಿ ಎದುರಾದ ತೊಂದರೆಯನ್ನು ಹಿಡಿದು, ಒಂದು ಪರಿಹಾರ ಮಾಡಿ ನೋಡಿ, ಫಲವೇನೆಂದು ಅಳೆದು ಬರೆಯುವುದು. ಈ ಹೆಸರನ್ನು ಬಳಕೆಗೆ ತಂದವರು ಸಮಾಜ ಮನೋವಿಜ್ಞಾನಿ ಕರ್ಟ್ ಲೆವಿನ್. ಅವರ ಪ್ರಸಿದ್ಧ ಲೇಖನ ಪ್ರಕಟವಾದದ್ದು 1946ರಲ್ಲಿ. ಅದನ್ನು ಶಾಲೆಯೊಳಗೆ ತಂದವರಲ್ಲಿ ಮುಖ್ಯರು ಸ್ಟೀಫನ್ ಕೋರಿ, 1953ರ ತಮ್ಮ ಪುಸ್ತಕದಲ್ಲಿ. ಇಂದು ಕರ್ನಾಟಕದಲ್ಲಿ ಬಿ.ಎಡ್. ಮತ್ತು ಡಿ.ಎಲ್.ಎಡ್. ವಿದ್ಯಾರ್ಥಿಗಳು ಇಂಥ ವರದಿ ಬರೆಯುತ್ತಾರೆ; ಕೆಲಸದಲ್ಲಿರುವ ಶಿಕ್ಷಕರೂ ಬರೆಯುತ್ತಾರೆ.

ಕೆಲಸದ ಬಗೆ ತಿಳಿಯಲು ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ನಡೆಯೋಣ. ತುಮಕೂರು ನಗರದ ಅಂಚಿನಲ್ಲಿ, ಹೆದ್ದಾರಿಯ ಪಕ್ಕದ ಅಂತರಸನಹಳ್ಳಿಯಲ್ಲಿ ಒಂದು ಶಾಲೆ ಎಂದಿಟ್ಟುಕೊಳ್ಳಿ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ತರಕಾರಿ ಮಾರುಕಟ್ಟೆ. ಏಳನೇ ತರಗತಿಯಲ್ಲಿ 34 ಮಕ್ಕಳು. ಕೆಲವರ ಅಪ್ಪಂದಿರು ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮಾಡುತ್ತಾರೆ, ಕೆಲವರ ಅಮ್ಮಂದಿರು ಬೆಳಗಿನ ಜಾವವೇ ಮಾರುಕಟ್ಟೆಗೆ ಹೋಗುತ್ತಾರೆ. ಗಣಿತದ ಹೋಮ್‌ವರ್ಕ್ ಸರಿಯಾಗಿ ಬರುತ್ತಿಲ್ಲ. ಯಾಕೆ ಎಂದು ಶಿಕ್ಷಕಿ ಕೇಳಬೇಕಾಗಿದೆ. ಶಾಲೆಯೂ ಶಿಕ್ಷಕಿಯೂ ಅಂಕಿಗಳೂ ವಿವರಣೆಗಾಗಿ ಮಾಡಿಕೊಂಡವು. ಲೆಕ್ಕದ ದಾರಿ ಮಾತ್ರ ನಿಜವಾದದ್ದು.

ಪ್ರಶ್ನಾವಳಿ ಹಂಚಿದ ದಿನ ಇಬ್ಬರು ಗೈರುಹಾಜರು. ಬಂದ ಹಾಳೆಗಳು 32. ಶಿಕ್ಷಕಿ ಮೊದಲು ಮಾಡುವ ಕೆಲಸ ಬಹಳ ಚಿಕ್ಕದು: ಪ್ರತಿ ಹಾಳೆಯ ಮೇಲ್ತುದಿಯಲ್ಲಿ 1ರಿಂದ 32ರವರೆಗೆ ಕ್ರಮಸಂಖ್ಯೆ ಬರೆಯುತ್ತಾರೆ. ಯಾವ ಸಂಖ್ಯೆ ಯಾವ ಮಗುವಿನದು ಎಂಬ ಪಟ್ಟಿ ಅವರ ಬಳಿ ಬೇರೆಯಾಗಿ ಇರುತ್ತದೆ. ವರದಿಯಲ್ಲಿ ಯಾರ ಹೆಸರೂ ಬರುವುದಿಲ್ಲ. ನಂಬರಿಲ್ಲದ ಹಾಳೆಯಲ್ಲಿ ಒಂದು ವಿಚಿತ್ರ ಉತ್ತರ ಕಂಡರೆ ಅದನ್ನು ಮತ್ತೆ ಹುಡುಕುವುದು ಕಷ್ಟ. ತಿಂಗಳು ಕಳೆದ ಮೇಲೆ ಅದೇ ಮಗುವಿನ ಎರಡನೇ ಹಾಳೆಯ ಜೊತೆ ಹೊಂದಿಸುವುದಂತೂ ಆಗದ ಮಾತು.

ಆಮೇಲೆ ಎಣಿಕೆ. ಪ್ರಶ್ನೆ ಹೀಗಿದೆ: ‘ಗಣಿತದ ಹೋಮ್‌ವರ್ಕ್ ಮಾಡಲಾಗದ ದಿನ ಮುಖ್ಯ ಕಾರಣವೇನು? ಒಂದಕ್ಕೆ ಮಾತ್ರ ಗುರುತು ಹಾಕಿ.’ ಶಿಕ್ಷಕಿ ಒಂದೊಂದೇ ಹಾಳೆ ತಿರುಗಿಸುತ್ತಾ, ಉತ್ತರದ ಎದುರು ಒಂದೊಂದು ಗೆರೆ ಎಳೆಯುತ್ತಾರೆ. ನಾಲ್ಕು ಗೆರೆ ನಿಂತ ಮೇಲೆ ಐದನೆಯದನ್ನು ಅಡ್ಡಲಾಗಿ ಹಾಕಿ ಕಟ್ಟು ಕಟ್ಟುತ್ತಾರೆ. ಇವೇ ತಾಳೆ ಗುರುತುಗಳು. ಹೀಗೆ ಸಿಗುವ ಎಣಿಕೆಗೆ ಆವೃತ್ತಿ ಎನ್ನುತ್ತಾರೆ, ಅಂದರೆ ಒಂದು ಉತ್ತರ ಎಷ್ಟು ಸಲ ಬಂತು ಎಂಬುದು. ಎಣಿಕೆ ಮುಗಿದ ಮೇಲೆ ಎಲ್ಲ ಆವೃತ್ತಿಗಳನ್ನೂ ಕೂಡಿದರೆ 32 ಬರಲೇಬೇಕು. 31 ಬಂದರೆ ಎರಡು ಹಾಳೆ ಒಟ್ಟಿಗೆ ತಿರುಗಿವೆ, ಅಥವಾ ಯಾರೋ ಉತ್ತರಿಸದೆ ಬಿಟ್ಟಿದ್ದಾರೆ. 33 ಬಂದರೆ ಯಾವುದೋ ಹಾಳೆಯಲ್ಲಿ ಎರಡು ಗುರುತಿವೆ. ಅನುಭವಸ್ಥರು ಎಣಿಕೆಯನ್ನು ಎರಡು ಸಲ ಮಾಡುತ್ತಾರೆ, ಎರಡನೇ ಸಲ ಕಟ್ಟನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸುತ್ತಾ.

ಈ ಪ್ರಶ್ನೆಯ ಎಣಿಕೆ ಹೀಗೆ ಬಂತು ಎಂದುಕೊಳ್ಳಿ:

| ಮುಖ್ಯ ಕಾರಣ | ಮಕ್ಕಳು | ಶೇಕಡಾವಾರು |
|---|---|---|
| ಹೇಗೆ ಮಾಡಬೇಕೆಂದು ಗೊತ್ತಾಗುವುದಿಲ್ಲ | 14 | 44 |
| ಮನೆಯಲ್ಲಿ ಕೆಲಸ ಇರುತ್ತದೆ | 9 | 28 |
| ಮರೆತುಹೋಗುತ್ತದೆ | 5 | 16 |
| ಇತರೆ | 4 | 13 |
| ಒಟ್ಟು | 32 | 100 |

ಮೂರನೇ ಕಾಲಂ ಅನ್ನು ಒಮ್ಮೆ ಕೂಡಿ ನೋಡಿ. 101 ಬರುತ್ತದೆ! ಕೋಷ್ಟಕದಲ್ಲಿ 100 ಎಂದಿದೆ. ತಪ್ಪು ಎಲ್ಲಿ?

ತಪ್ಪು ಎಲ್ಲಿಯೂ ಇಲ್ಲ. ಶೇಕಡಾ ಲೆಕ್ಕ ಎಂದರೆ ಆವೃತ್ತಿಯನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸುವುದು. 14 ಭಾಗಿಸು 32, ಗುಣಿಸು 100, ಅಂದರೆ 43.75. ಹಾಗೆಯೇ ಉಳಿದವು 28.125, 15.625 ಮತ್ತು 12.5. ಇವುಗಳ ಮೊತ್ತ ಸರಿಯಾಗಿ 100. ಹತ್ತಿರದ ಪೂರ್ಣಸಂಖ್ಯೆಗೆ ಹೊಂದಿಸಿದಾಗ ಮೂರು ಸಂಖ್ಯೆಗಳು ಮೇಲಕ್ಕೆ ಹೋದವು, ಒಂದು ಮಾತ್ರ ಕೆಳಗಿಳಿಯಿತು. ಅದರಿಂದ ಒಂದು ಹೆಚ್ಚಾಯಿತು. ಇಲ್ಲಿ ಹಲವರು ಗಾಬರಿಯಾಗಿ 13 ಅನ್ನು 12 ಮಾಡಿಬಿಡುತ್ತಾರೆ. ಹಾಗೆ ತಿದ್ದಬಾರದು. ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪೂರ್ಣಸಂಖ್ಯೆಗೆ ಹೊಂದಿಸಿರುವುದರಿಂದ ಬಿಡಿ ಅಂಕಿಗಳ ಮೊತ್ತ 100 ಆಗದಿರಬಹುದು’ ಎಂದು ಒಂದು ಸಾಲು ಬರೆದರೆ ಸಾಕು. ಒಂದು ದಶಮಾಂಶ ಸ್ಥಾನ ಉಳಿಸಿಕೊಂಡು 43.8, 28.1, 15.6, 12.5 ಎಂದು ಬರೆದರೂ ಮೊತ್ತ ಸರಿಹೋಗುತ್ತದೆ. ಆದರೆ 32 ಮಕ್ಕಳ ತರಗತಿಯಲ್ಲಿ ಒಂದು ಮಗುವೇ ಶೇಕಡಾ ಮೂರಕ್ಕಿಂತ ಹೆಚ್ಚು ತೂಗುತ್ತದೆ. ಅಲ್ಲಿ 43.8 ಎಂಬ ದಶಮಾಂಶ, ಇಲ್ಲದ ನಿಖರತೆಯನ್ನು ತೋರಿಸುತ್ತದೆ. 43.75 ಎಂದು ಬರೆದರಂತೂ ಹೇಳುವುದೇ ಬೇಡ. ನನ್ನ ಮಟ್ಟಿಗೆ, ನೂರಕ್ಕಿಂತ ಕಡಿಮೆ ಜನರಿರುವ ಸಮೀಕ್ಷೆಯಲ್ಲಿ ಪೂರ್ಣಸಂಖ್ಯೆಯೇ ಒಪ್ಪುವಂಥದು, ಅದರ ಪಕ್ಕದಲ್ಲಿ ಮೂಲ ಎಣಿಕೆ ಕಡ್ಡಾಯವಾಗಿ ಇರಬೇಕು.

ಶೇಕಡಾವಾರಿನ ನಿಜವಾದ ಸೂಕ್ಷ್ಮ ಭಾಗಿಸುವ ಸಂಖ್ಯೆಯಲ್ಲಿದೆ. ತರಗತಿಯಲ್ಲಿ 34 ಮಕ್ಕಳಿದ್ದಾರೆ, ಉತ್ತರಿಸಿದವರು 32. ಹದಿನಾಲ್ಕನ್ನು 34ರಿಂದ ಭಾಗಿಸಿದರೆ ಶೇ. 41, 32ರಿಂದ ಭಾಗಿಸಿದರೆ ಶೇ. 44. ಗೈರುಹಾಜರಾದ ಇಬ್ಬರ ಕಾರಣ ನಮಗೆ ಗೊತ್ತಿಲ್ಲ, ಆದ್ದರಿಂದ 32 ಸರಿ. ಅದನ್ನು ವಾಕ್ಯದಲ್ಲಿಯೇ ಹೇಳಬೇಕು: ‘ತರಗತಿಯ 34 ಮಕ್ಕಳಲ್ಲಿ 32 ಮಂದಿ ಉತ್ತರಿಸಿದರು. ಅವರಲ್ಲಿ 14 ಮಂದಿ (ಶೇ. 44) ಲೆಕ್ಕ ಹೇಗೆ ಮಾಡಬೇಕೆಂದು ಗೊತ್ತಾಗುವುದಿಲ್ಲ ಎಂದು ಮುಖ್ಯ ಕಾರಣ ಕೊಟ್ಟರು.’ ಓದುಗರಿಗೆ ಪೂರ್ತಿ ಲೆಕ್ಕ ಈ ಎರಡು ವಾಕ್ಯಗಳಲ್ಲೇ ಸಿಗುತ್ತದೆ. ‘ಬಹುತೇಕ ಮಕ್ಕಳು’ ಎಂದು ಬರೆದಿದ್ದರೆ? ಹದಿನಾಲ್ಕು ಅರ್ಧಕ್ಕಿಂತ ಕಡಿಮೆ. ಆ ಪದ ಇಲ್ಲಿ ಸುಳ್ಳಾಗುತ್ತಿತ್ತು.

ಮುಂದಿನ ಪ್ರಶ್ನೆ ಬೇರೆ ಬಗೆಯದು. ‘ನಿನ್ನೆ ಮನೆಯಲ್ಲಿ ಎಷ್ಟು ನಿಮಿಷ ಗಣಿತ ಓದಿದೆ?’ ‘ದಿನಾ ಎಷ್ಟು ಹೊತ್ತು ಓದುತ್ತೀಯ’ ಎಂದು ಕೇಳಿದರೆ ಮಕ್ಕಳು ಮಿಸ್‌ಗೆ ಇಷ್ಟವಾಗುವ ಉತ್ತರ ಬರೆಯುವ ಸಂಭವ ಹೆಚ್ಚು; ನಿನ್ನೆಯ ಮಾತು ಹಾಗಲ್ಲ, ನೆನಪಿಗೆ ಹತ್ತಿರ. ಆದರೆ ಸೋಮವಾರ ಕೇಳಿದರೆ ನಿನ್ನೆ ಎಂದರೆ ಭಾನುವಾರ. ಹಬ್ಬದ ಮಾರನೇ ದಿನ ಕೇಳಿದರೆ, ಮಾರುಕಟ್ಟೆಯಲ್ಲಿ ಅಪ್ಪ ಅಮ್ಮನ ಜೊತೆ ಕೆಲಸಕ್ಕೆ ನಿಂತ ಮಕ್ಕಳ ನಿನ್ನೆ ಬೇರೆಯೇ ಇರುತ್ತದೆ. ಸಮೀಕ್ಷೆ ನಡೆದ ವಾರವನ್ನು ವರದಿಯಲ್ಲಿ ಬರೆಯಬೇಕಾದದ್ದು ಇದಕ್ಕಾಗಿಯೇ.

ಬಂದ ಉತ್ತರಗಳು: 6 ಮಕ್ಕಳು ಸೊನ್ನೆ, 7 ಮಕ್ಕಳು 10 ನಿಮಿಷ, 8 ಮಕ್ಕಳು 20, 6 ಮಕ್ಕಳು 30, 3 ಮಕ್ಕಳು 45, ಒಬ್ಬರು 60, ಇನ್ನೊಬ್ಬರು 240. ಎಲ್ಲವನ್ನೂ ಕೂಡಿದರೆ 845 ನಿಮಿಷ. ಅದನ್ನು 32ರಿಂದ ಭಾಗಿಸಿದರೆ 26.4. ಇದು ಸರಾಸರಿ: ಇರುವ ಒಟ್ಟು ನಿಮಿಷಗಳನ್ನು ಎಲ್ಲರಿಗೂ ಸಮನಾಗಿ ಹಂಚಿದ್ದರೆ ಒಬ್ಬೊಬ್ಬರಿಗೆ ಸಿಗುತ್ತಿದ್ದ ಪಾಲು. ‘ಮಕ್ಕಳು ಸರಾಸರಿ 26 ನಿಮಿಷ ಓದುತ್ತಾರೆ’ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಕೈಯಲ್ಲಿರುವ ಪಟ್ಟಿಯನ್ನು ಮತ್ತೊಮ್ಮೆ ನೋಡಿ. 32 ಮಕ್ಕಳಲ್ಲಿ 21 ಮಂದಿ 20 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಓದಿದ್ದಾರೆ. 26ರ ಆಸುಪಾಸು ಇರುವವರು ಆರು ಜನ, ಅಷ್ಟೇ. ಆ ಸರಾಸರಿ ಯಾರನ್ನು ಕುರಿತು ಹೇಳುತ್ತಿದೆ?

240 ಎಂದು ಬರೆದ ಒಂದೇ ಹಾಳೆ ಇಷ್ಟು ಮಾಡಿದೆ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ 605 ನಿಮಿಷ, 31 ಮಕ್ಕಳು, ಸರಾಸರಿ 19.5. ಒಬ್ಬರು ಇಡೀ ತರಗತಿಯ ಸರಾಸರಿಯನ್ನು ಏಳು ನಿಮಿಷ ಎತ್ತಿದ್ದಾರೆ. ಹಾಳೆಗೆ ನಂಬರ್ ಹಾಕಿದ್ದು ಇಲ್ಲಿ ನೆರವಿಗೆ ಬರುತ್ತದೆ. ಆ ಹಾಳೆಯನ್ನು ತೆಗೆದು ನೋಡಿದರೆ ಅಂಚಿನಲ್ಲಿ ‘5ರಿಂದ 9 ಟ್ಯೂಷನ್’ ಎಂದು ಬರೆದಿದೆ. ಮಗು ಸುಳ್ಳು ಹೇಳಿಲ್ಲ. ಎಲ್ಲ ವಿಷಯಗಳ ಟ್ಯೂಷನ್ ಸಮಯವನ್ನೂ ಸೇರಿಸಿದೆ, ಅಷ್ಟೆ. ‘ಟ್ಯೂಷನ್ ಬಿಟ್ಟು’ ಎಂದು ಪ್ರಶ್ನೆಯಲ್ಲಿ ಇರಬೇಕಾಗಿತ್ತು. ಹಾಗೆಂದು ಆ ಹಾಳೆಯನ್ನು ಸದ್ದಿಲ್ಲದೆ ತೆಗೆದುಹಾಕುವಂತಿಲ್ಲ. ಸೇರಿಸಿದಾಗ 26, ಬಿಟ್ಟಾಗ ಸುಮಾರು 20 ಎಂದು ಎರಡನ್ನೂ ಬರೆದು, ಬಿಟ್ಟದ್ದಕ್ಕೆ ಕಾರಣ ಕೊಡಬೇಕು.

ಇಂಥ ಕಡೆ ಇನ್ನೊಂದು ಉಪಕರಣ ಕೈಗೆ ಬರುತ್ತದೆ, ಮಧ್ಯಾಂಕ. ಎಲ್ಲ ಉತ್ತರಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ಸರಿಯಾಗಿ ನಡುವೆ ಇರುವುದನ್ನು ಆರಿಸುವುದು. ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದ ಹಾಗೆ. 32 ಜನರಿದ್ದರೆ ನಡುವಿನವರು ಇಬ್ಬರು, 16 ಮತ್ತು 17ನೆಯವರು. ನಮ್ಮ ಸಾಲಿನಲ್ಲಿ ಮೊದಲ ಆರು ಸೊನ್ನೆ, ಹದಿಮೂರರವರೆಗೆ ಹತ್ತು, ಹದಿನಾಲ್ಕರಿಂದ ಇಪ್ಪತ್ತೊಂದರವರೆಗೆ ಇಪ್ಪತ್ತು. ಹಾಗಾಗಿ ಇಬ್ಬರದೂ 20, ಮಧ್ಯಾಂಕವೂ 20. ಕೊನೆಯಲ್ಲಿ ನಿಂತ ಮಗು 240ರ ಬದಲು 400 ಎಂದು ಬರೆದಿದ್ದರೂ ನಡುವಿನವರು ಬದಲಾಗುತ್ತಿರಲಿಲ್ಲ. ಸರಾಸರಿಯೂ ಮಧ್ಯಾಂಕವೂ ಹತ್ತಿರವಿದ್ದರೆ ನೆಮ್ಮದಿ. ದೂರವಿದ್ದರೆ ಸಾಲಿನ ಒಂದು ತುದಿಯಲ್ಲಿ ಏನೋ ಇದೆ ಎಂದು ತಿಳಿದು ಹಾಳೆಗಳಿಗೆ ಮರಳಬೇಕು.

ಈ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡುವವರು ಒಂದು ಸಾಲಿಗೆ ಒಂದು ಮಗುವಿನಂತೆ ಉತ್ತರಗಳನ್ನು ತುಂಬಿ, ಕೆಳಗೆ ಹೀಗೆ ಟೈಪ್ ಮಾಡುತ್ತಾರೆ:

```
=AVERAGE(C2:C33)
=MEDIAN(C2:C33)
=COUNT(C2:C33)
```

ಮೂರನೆಯದು ಎಷ್ಟು ಉತ್ತರಗಳು ಲೆಕ್ಕಕ್ಕೆ ಬಂದವು ಎಂದು ಹೇಳುತ್ತದೆ, ಅದನ್ನು ಮರೆಯಬಾರದು. ಇಲ್ಲಿ ಒಂದು ಹೊಂಡವಿದೆ. ಉತ್ತರ ಬರೆಯದ ಮಗುವಿನ ಜಾಗದಲ್ಲಿ 0 ತುಂಬಿದರೆ, ಆ ಮಗು ಸೊನ್ನೆ ನಿಮಿಷ ಓದಿತು ಎಂದು ಲೆಕ್ಕವಾಗಿ ಸರಾಸರಿ ಇಳಿಯುತ್ತದೆ. ಖಾಲಿ ಬಿಟ್ಟರೆ ಸೂತ್ರ ಅದನ್ನು ಎಣಿಸುವುದಿಲ್ಲ. ‘ಓದಲಿಲ್ಲ’ ಎನ್ನುವುದು ಉತ್ತರ, ‘ಹೇಳಲಿಲ್ಲ’ ಎನ್ನುವುದು ಉತ್ತರವಲ್ಲ.

ಮೂರನೇ ಪ್ರಶ್ನೆ ಅಭಿಪ್ರಾಯದ್ದು. ‘ಹೋಮ್‌ವರ್ಕ್‌ಗೆ ಕೊಟ್ಟ ಲೆಕ್ಕ ನನಗೆ ಅರ್ಥವಾಗುತ್ತದೆ’ ಎಂಬ ಹೇಳಿಕೆ, ಅದಕ್ಕೆ ‘ಸ್ವಲ್ಪವೂ ಇಲ್ಲ’ದಿಂದ ‘ಪೂರ್ತಿ ಹೌದು’ವರೆಗೆ ಐದು ಮೆಟ್ಟಿಲು. ರೆನ್ಸಿಸ್ ಲಿಕರ್ಟ್ 1932ರಲ್ಲಿ ಪರಿಚಯಿಸಿದ ಈ ಮಾಪಕವಿಲ್ಲದ ಪ್ರಶ್ನಾವಳಿ ಈಗ ಅಪರೂಪ. ಮೆಟ್ಟಿಲುಗಳಿಗೆ 1ರಿಂದ 5 ಅಂಕ ಕೊಟ್ಟು ಸರಾಸರಿ ತೆಗೆಯುವ ರೂಢಿ ಇದೆ. ನಮ್ಮ ತರಗತಿಯಲ್ಲಿ ಕೆಳಗಿನಿಂದ ಮೇಲಕ್ಕೆ 7, 10, 5, 6, 4 ಮಕ್ಕಳು. ಅಂಕಗಳ ಮೊತ್ತ 86, ಸರಾಸರಿ 2.69. ಈ ಸಂಖ್ಯೆ ಓದುಗರಿಗೆ ಏನು ಹೇಳುತ್ತದೆ? ನಡುಮೆಟ್ಟಿಲಿಗಿಂತ ಸ್ವಲ್ಪ ಕೆಳಗೆ ಎಂದಷ್ಟೇ. ಎಲ್ಲರೂ 3 ಎಂದರೂ ಸರಾಸರಿ 3. ಅರ್ಧ ಮಕ್ಕಳು 1, ಇನ್ನರ್ಧ 5 ಎಂದರೂ ಸರಾಸರಿ 3. ಮೊದಲನೆಯದು ಅನುಮಾನದಲ್ಲಿರುವ ತರಗತಿ, ಎರಡನೆಯದು ಎರಡು ಹೋಳಾದ ತರಗತಿ. ಆ ಎರಡಕ್ಕೂ ಒಂದೇ ಪಾಠ ಒಗ್ಗುವುದಿಲ್ಲ. ಅದಕ್ಕೇ ಇಲ್ಲಿ ಶೇಕಡಾವಾರು ಹೆಚ್ಚು ಪ್ರಾಮಾಣಿಕ: ಕೆಳಗಿನ ಎರಡು ಮೆಟ್ಟಿಲಲ್ಲಿ 17 ಮಂದಿ (ಶೇ. 53), ನಡುವೆ 5 (ಶೇ. 16), ಮೇಲಿನ ಎರಡರಲ್ಲಿ 10 (ಶೇ. 31). ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಲೆಕ್ಕವೇ ತಿಳಿಯುತ್ತಿಲ್ಲ ಎಂಬುದು ಈಗ ಕಣ್ಣಿಗೆ ಹೊಡೆಯುತ್ತದೆ. ಮೊದಲ ಪ್ರಶ್ನೆಯ 14 ಮಕ್ಕಳ ಉತ್ತರಕ್ಕೂ ಇದು ತಾಳೆಯಾಗುತ್ತದೆ.

ಇನ್ನು ಚಿತ್ರ. ಸ್ತಂಭಾಲೇಖವನ್ನು 1786ರಲ್ಲಿಯೂ ಪೈ ನಕ್ಷೆಯನ್ನು 1801ರಲ್ಲಿಯೂ ಮುದ್ರಣಕ್ಕೆ ತಂದವರು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. ನಮ್ಮ ಶಿಕ್ಷಕಿ ಗ್ರಾಫ್ ಹಾಳೆ, ಸ್ಕೇಲು, ಪೆನ್ಸಿಲ್ ಹಿಡಿದು ಕೂರುತ್ತಾರೆ. ಅಡ್ಡಗೆರೆಯ ಮೇಲೆ ನಾಲ್ಕು ಕಾರಣಗಳು, ನಿಲುಗೆರೆಯ ಮೇಲೆ ಮಕ್ಕಳ ಸಂಖ್ಯೆ. 1 ಸೆಂ.ಮೀ.ಗೆ 2 ಮಕ್ಕಳು ಎಂಬ ಪ್ರಮಾಣ. ಹಾಗಾದರೆ ಸ್ತಂಭಗಳ ಎತ್ತರ 7, 4.5, 2.5 ಮತ್ತು 2 ಸೆಂ.ಮೀ. ಎಲ್ಲ ಸ್ತಂಭಗಳ ಅಗಲ ಒಂದೇ, ನಡುವಿನ ಖಾಲಿ ಜಾಗವೂ ಒಂದೇ. ಎತ್ತರದ ಸ್ತಂಭ ಮೊದಲು, ಆಮೇಲೆ ಇಳಿಮುಖವಾಗಿ. ‘ಇತರೆ’ ಯಾವಾಗಲೂ ಕೊನೆಗೆ. ಸ್ತಂಭದ ತಲೆಯ ಮೇಲೆ ಸಂಖ್ಯೆ ಬರೆದರೆ ಓದುಗರು ಕಣ್ಣು ಹೊರಳಿಸಿ ಅಳೆಯಬೇಕಾಗಿಲ್ಲ. ಚಿತ್ರದ ಕೆಳಗೆ ಎಷ್ಟು ಮಕ್ಕಳು, ಯಾವ ಪ್ರಶ್ನೆ ಎಂಬುದು ಇರಬೇಕು.

ಇದನ್ನೇ ಪೈ ನಕ್ಷೆಯಾಗಿ ಬರೆಯಬೇಕೆಂದರೆ 360 ಡಿಗ್ರಿಯನ್ನು ಪಾಲು ಮಾಡಬೇಕು. ಹದಿನಾಲ್ಕು ಮಕ್ಕಳಿಗೆ 157.5 ಡಿಗ್ರಿ, ಒಂಬತ್ತಕ್ಕೆ 101.25, ಐದಕ್ಕೆ 56.25, ನಾಲ್ಕಕ್ಕೆ 45. ಕೋನಮಾಪಕದಲ್ಲಿ ಕಾಲು ಡಿಗ್ರಿ ಹಿಡಿಯಲಾಗದು, ಅದರಿಂದ ತೊಂದರೆಯೇನೂ ಇಲ್ಲ. ತೊಂದರೆ ಇರುವುದು ಕಣ್ಣಿನಲ್ಲಿ. 56 ಮತ್ತು 45 ಡಿಗ್ರಿಯ ಎರಡು ತುಂಡುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿಟ್ಟರೆ ಯಾವುದು ದೊಡ್ಡದೆಂದು ಹೇಳಲು ತಡವರಿಸುತ್ತೇವೆ. ಒಂದೇ ನೆಲದ ಮೇಲೆ ನಿಂತ ಎರಡೂವರೆ ಮತ್ತು ಎರಡು ಸೆಂ.ಮೀ. ಸ್ತಂಭಗಳ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಮಿತಿಯೂ ಇದೆ. ಮಕ್ಕಳು ಒಂದಕ್ಕಿಂತ ಹೆಚ್ಚು ಕಾರಣಗಳಿಗೆ ಗುರುತು ಹಾಕಬಹುದಾಗಿದ್ದರೆ ಶೇಕಡಾವಾರುಗಳು ಕೂಡಿ 100 ದಾಟುತ್ತವೆ. ಅಂಥ ಉತ್ತರಗಳು ಒಂದು ವೃತ್ತದೊಳಗೆ ಹಿಡಿಸುವುದೇ ಇಲ್ಲ.

ಪರಿಹಾರ ಯಾವುದೆಂದು ಹಾಳೆಗಳೇ ಸೂಚಿಸಿದವು. ಐದು ವಾರ, ಪ್ರತಿ ಗಣಿತ ಪೀರಿಯಡ್ಡಿನ ಕೊನೆಯ ಹತ್ತು ನಿಮಿಷ, ಹೋಮ್‌ವರ್ಕಿನ ಮೊದಲ ಲೆಕ್ಕವನ್ನು ತರಗತಿಯಲ್ಲಿಯೇ ಮಾಡಿಸುವುದು. ಮೊದಲೂ ಆಮೇಲೂ ಅಳತೆ ಒಂದೇ: ವಾರದಲ್ಲಿ ಐದು ಸಲ ಕೊಟ್ಟ ಹೋಮ್‌ವರ್ಕಿನಲ್ಲಿ ಕನಿಷ್ಠ ನಾಲ್ಕನ್ನು ತಂದವರು ‘ಮಾಡಿದವರು’. ಶುರುವಿನಲ್ಲಿ ಅವರ ಸಂಖ್ಯೆ 32ರಲ್ಲಿ 12, ಕೊನೆಯಲ್ಲಿ ಅದೇ 32 ಮಕ್ಕಳಲ್ಲಿ 20.

ಇದನ್ನು ಹೇಗೆ ಬರೆಯುವುದು? ಪೂರ್ಣಸಂಖ್ಯೆಯಲ್ಲಿ 38ರಿಂದ 63ಕ್ಕೆ. ‘ಶೇ. 25ರಷ್ಟು ಹೆಚ್ಚಳ’ ಎನ್ನುವುದು ಬಾಯಿಗೆ ಬರುವ ಮಾತು, ಆದರೆ ತಪ್ಪು. 12ರ ಶೇ. 25 ಎಂದರೆ 3, ಹೆಚ್ಚಾದವರು 8. ಹನ್ನೆರಡಕ್ಕೆ ಎಂಟು ಸೇರುವುದು ಶೇ. 67ರ ಹೆಚ್ಚಳ. ಎರಡು ಶೇಕಡಾಗಳ ನಡುವಿನ 25ರ ಅಂತರವನ್ನು ‘25 ಶೇಕಡಾ ಅಂಶ’ ಎನ್ನಬೇಕು. ವರದಿಯ ಮುಖಪುಟಕ್ಕೆ 67 ಚೆಂದ ಕಾಣುತ್ತದೆ. ಓದುಗರಿಗೆ ಮಾತ್ರ ‘12 ಮಕ್ಕಳಿದ್ದದ್ದು 20 ಆದರು’ ಎಂಬ ಸರಳ ಮಾತೇ ಹೆಚ್ಚು ಉಪಕಾರಿ. ಚಿತ್ರದಲ್ಲೂ ಇದೇ ಎಚ್ಚರ ಬೇಕು. ಅದೇ ಪ್ರಮಾಣದಲ್ಲಿ ಎರಡು ಸ್ತಂಭಗಳು 6 ಮತ್ತು 10 ಸೆಂ.ಮೀ. ನಿಲುಗೆರೆಯನ್ನು ಸೊನ್ನೆಯ ಬದಲು 10ರಿಂದ ಶುರುಮಾಡಿದರೆ ಅವು 1 ಮತ್ತು 5 ಸೆಂ.ಮೀ. ಆಗುತ್ತವೆ. ಎಂಟು ಮಕ್ಕಳ ಹೆಚ್ಚಳ ಐದು ಪಟ್ಟಿನಂತೆ ಕಾಣುತ್ತದೆ. ಕಂಪ್ಯೂಟರ್ ಬರೆದ ಚಿತ್ರದಲ್ಲೂ ನಿಲುಗೆರೆಯ ಬುಡದಲ್ಲಿ ಯಾವ ಅಂಕಿ ಇದೆ ಎಂದು ನೋಡಿಯೇ ಅಂಟಿಸಬೇಕು.

ಈ ಹೆಚ್ಚಳ ಹತ್ತು ನಿಮಿಷದ ಅಭ್ಯಾಸದಿಂದಲೇ ಬಂತು ಎಂದು ಈ ಅಂಕಿಗಳು ಸಾಧಿಸುವುದಿಲ್ಲ. ಹೋಲಿಸಲು ಇನ್ನೊಂದು ತರಗತಿ ಇರಲಿಲ್ಲ. ಐದು ವಾರದಲ್ಲಿ ಪಾಠವೂ ಬದಲಾಗಿರಬಹುದು. ‘ಅಭ್ಯಾಸ ನಡೆದ ಅವಧಿಯಲ್ಲಿ ಹೆಚ್ಚಾಯಿತು’ ಎನ್ನುವಷ್ಟಕ್ಕೆ ಆಧಾರವಿದೆ.

ಕೊನೆಗೆ ಒಂದು ಕೆಲಸ ಉಳಿದಿದೆ. ಶಿಕ್ಷಕಿ ಶುರುವಿನ ಮತ್ತು ಕೊನೆಯ ‘ಮಾಡಿದವರ’ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಕ್ರಮಸಂಖ್ಯೆಯ ಪ್ರಕಾರ ಒಂದೊಂದಾಗಿ ಹೊಂದಿಸುತ್ತಾರೆ. ಆಗ ಗೊತ್ತಾಗುತ್ತದೆ, ಮೊದಲು ಮಾಡುತ್ತಿದ್ದ 12 ಮಕ್ಕಳಲ್ಲಿ ಉಳಿದವರು 10. ಹೊಸದಾಗಿ ಸೇರಿದವರು 10. ಇಬ್ಬರು ಬಿಟ್ಟುಹೋಗಿದ್ದಾರೆ. 12 ಮತ್ತು 20 ಎಂಬ ಎರಡು ಸ್ತಂಭಗಳಲ್ಲಿ ಈ ಇಬ್ಬರು ಎಲ್ಲಿಯೂ ಕಾಣುವುದಿಲ್ಲ. ಅವರ ಮೊದಲ ಹಾಳೆಗಳನ್ನು ಕಟ್ಟಿನಿಂದ ಹೊರತೆಗೆದರೆ ಎರಡರಲ್ಲೂ ಗುರುತು ಒಂದೇ ಕಡೆ ಇದೆ: ‘ಮನೆಯಲ್ಲಿ ಕೆಲಸ ಇರುತ್ತದೆ’. ವರದಿಯ ಫಲಿತಾಂಶದ ಪುಟದಲ್ಲಿ, ಸ್ತಂಭಾಲೇಖದ ಕೆಳಗೆ, ಶಿಕ್ಷಕಿ ಇನ್ನೂ ಮೂರು ಸಾಲು ಸೇರಿಸುತ್ತಾರೆ: ‘ಮೊದಲು ಹೋಮ್‌ವರ್ಕ್ ತರುತ್ತಿದ್ದ ಇಬ್ಬರು ಮಕ್ಕಳು ಈ ಅವಧಿಯಲ್ಲಿ ತರುವುದನ್ನು ಕಡಿಮೆ ಮಾಡಿದರು. ಇಬ್ಬರೂ ಮನೆಯ ಕೆಲಸವನ್ನು ಕಾರಣವಾಗಿ ಕೊಟ್ಟಿದ್ದರು. ಈ ಪರಿಹಾರ ಆ ಕಾರಣವನ್ನು ಮುಟ್ಟಿಲ್ಲ.’